ದಿರಮು ರೂಪಾಯಿಯಾಗುವ ಹೊತ್ತು

ದುಬೈಯಲ್ಲಿ ದುಡಿಯುವ ಕರಾವಳಿಯ ಗೃಹಸ್ಥನೊಬ್ಬನು ವರ್ಷಗಟ್ಟಲೆ ಮಿತವ್ಯಯದಿಂದ ಗಂಟು ಕೂಡಿಸಿ, ಮಂಗಳೂರಿನಲ್ಲಿ ಮನೆಯೊಂದನ್ನು ನಿಶ್ಚಯಿಸಿಕೊಂಡನೆನ್ನೋಣ. ಆಗ ಅವನ ನಿದ್ದೆಗೆಡಿಸುವ ಪ್ರಶ್ನೆ ಇದು: ದಿರಮುಗಳನ್ನೆಲ್ಲ ಒಮ್ಮೆಗೇ ರೂಪಾಯಿಯಾಗಿಸುವುದೇ, ಕಂತುಕಂತಾಗಿಯೇ? ಮಿತ್ರರನ್ನು ಕೇಳಿದರೆ, "ಸ್ವಲ್ಪ ತಾಳು, ದರ ಇನ್ನೂ ಏರುತ್ತದೆ" ಎಂಬ ಉತ್ತರವೇ ಹೆಚ್ಚಾಗಿ ದೊರೆಯುತ್ತದೆ.

ದಿರಮು ತಾನಾಗಿ ಏರುವ ನಾಣ್ಯವಲ್ಲ. 1997ರಿಂದ ಅದನ್ನು ಡಾಲರಿಗೆ 3.6725ರಂತೆ ಕಟ್ಟಿಹಾಕಲಾಗಿದೆ. ಆದುದರಿಂದ ದುಬೈಯಲ್ಲಿರುವವನು ಕಾಯುತ್ತಿರುವುದು ವಾಸ್ತವವಾಗಿ ಡಾಲರು ಮತ್ತು ರೂಪಾಯಿಗಳ ಹಗ್ಗಜಗ್ಗಾಟದ ಫಲವನ್ನು. 2013ರ ಮೇ ತಿಂಗಳ ಆರಂಭದಲ್ಲಿ ದಿರಮಿಗೆ ಸುಮಾರು 14.7 ರೂಪಾಯಿ ದೊರೆಯುತ್ತಿತ್ತು. ಆಗಸ್ಟ್ 28ರಂದು ಅದೇ ದಿರಮು 18.7ಕ್ಕೆ ಏರಿತು, ಅಕ್ಟೋಬರಿನ ನಡುವೆ 16.7ರ ಸುಮಾರಿಗೆ ಇಳಿಯಿತು. ಒಂದು ಲಕ್ಷ ದಿರಮನ್ನು ಒಂದೇ ದಿನ ಬದಲಿಸಿದವರ ನಡುವೆ ನಾಲ್ಕು ಲಕ್ಷ ರೂಪಾಯಿಗಳ ಅಂತರ! ಆ ಆರು ತಿಂಗಳು ಸಮಕಂತುಗಳಲ್ಲಿ ಕಳುಹಿಸಿದವನಿಗೆ ಹದಿನಾರು ಲಕ್ಷದ ಮೇಲೆ ಚಿಲ್ಲರೆ ಸಿಕ್ಕಿತು. ಕಂತಿನ ಗುಣವೇ ಇಷ್ಟು: ಅದು ಸರಾಸರಿಯನ್ನು ಕೊಡುತ್ತದೆ, ಅದಕ್ಕಿಂತ ಹೆಚ್ಚಿನದನ್ನಲ್ಲ.

ಇನ್ನು ತಾಳುವವರ ಕಥೆ. 2002ರ ಆರಂಭದಲ್ಲಿ ಡಾಲರಿಗೆ 48 ರೂಪಾಯಿಗೂ ಮೀರಿದ್ದ ದರ, 2007ರ ಕೊನೆಗೆ 39ರ ಆಸುಪಾಸಿಗೆ ಬಂದಿತ್ತು. ರೂಪಾಯಿ ಸದಾ ಇಳಿಯುತ್ತದೆಂದು ನಂಬಿ ಕುಳಿತವನ ಗಂಟು ಕರಗಿತು. ಮನೆಯ ಬೆಲೆ ಅವನಿಗಾಗಿ ಕಾಯಲಿಲ್ಲ.

ಹಾಗಾದರೆ ನೋಡಬೇಕಾದುದೇನು? ವಿನಿಮಯ ದರದ ಪಟ್ಟಿಗಿಂತ ಮೊದಲು ಮನೆ ಕಟ್ಟುವವನೊಡನೆ ಆದ ಕರಾರಿನ ಪತ್ರವನ್ನು. ಮನೆಯ ಋಣ ರೂಪಾಯಿಯಲ್ಲಿದೆ. ರೂಪಾಯಿ ತೆರಬೇಕಾದವನು ದಿರಮನ್ನು ಹಿಡಿದು ಕುಳಿತಷ್ಟು ದಿನವೂ, ತಿಳಿದೋ ತಿಳಿಯದೆಯೋ ಜೂಜಾಡುತ್ತಿರುತ್ತಾನೆ.

ನಮ್ಮ ಗೃಹಸ್ಥನ ಲೆಕ್ಕವನ್ನೇ ನೋಡೋಣ. ಮನೆಯ ಬೆಲೆ 60 ಲಕ್ಷ ರೂಪಾಯಿ. ನೋಂದಣಿ, ತೆರಿಗೆಗಳು ಬೇರೆ. ಕೈಯಲ್ಲಿ 1,50,000 ದಿರಮು, ತಿಂಗಳಿಗೆ 5,000 ಉಳಿತಾಯ. ಲೆಕ್ಕದ ಸೌಕರ್ಯಕ್ಕಾಗಿ ದರ 23 ಎಂದಿಟ್ಟುಕೊಳ್ಳೋಣ. ಕರಾರಿನ ಹೊತ್ತಿಗೆ 12 ಲಕ್ಷ, ಅನಂತರ ಮೂರು ತಿಂಗಳಿಗೊಮ್ಮೆ ತಾರಸಿ ಏರಿದಂತೆ 6 ಲಕ್ಷದ ಆರು ಕಂತು, ಎರಡು ವರ್ಷಕ್ಕೆ ಕೀಲಿಕೈ ಪಡೆಯುವಾಗ ಉಳಿದ 12 ಲಕ್ಷ. (ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವುದನ್ನು 2016ರ ರೇರಾ ಕಾಯಿದೆ ನಿಷೇಧಿಸುತ್ತದೆ.)

ಮೊದಲ ಮೂರು ತಿಂಗಳಲ್ಲಿ ತೆರಬೇಕಾದ 18 ಲಕ್ಷಕ್ಕೆ ಸುಮಾರು 78,000 ದಿರಮು ಬೇಕು. ಅದನ್ನು ದರ ನೋಡದೆ ಒಟ್ಟಿಗೆ ಬದಲಿಸುವುದೇ ಲೇಸು. ಹದಿನೈದು ಪೈಸೆಯ ಆಸೆಗೆ ಗಡುವು ತಪ್ಪಿದರೆ ದಂಡಬಡ್ಡಿ ತಗಲುತ್ತದೆ. ಮುಂದಿನ ಐದು ಕಂತುಗಳಿಗೆ ತಿಂಗಳಿಗೆ 2 ಲಕ್ಷದಂತೆ ರೂಪಾಯಿ ಸಿದ್ಧವಾಗಬೇಕು. ತಿಂಗಳ ಉಳಿತಾಯಕ್ಕೆ ಗಂಟಿನಿಂದ 3,700 ದಿರಮು ಸೇರಿಸಿ, ಗೊತ್ತುಪಡಿಸಿದ ತಾರೀಕಿಗೆ ಕಳುಹಿಸಿದರಾಯಿತು. ಹದಿನೈದು ತಿಂಗಳ ಬಳಿಕವೂ ಗಂಟಿನಲ್ಲಿ 16,000 ಉಳಿದಿರುತ್ತದೆ. ಅದೂ ಅನಂತರದ ತಿಂಗಳುಗಳ ಉಳಿತಾಯವೂ ಸೇರಿದರೆ ಕೊನೆಯ 12 ಲಕ್ಷಕ್ಕೆ ಕೊರತೆಯಿಲ್ಲ.

ಎರಡು ವರ್ಷ ಬೇಕಾಗದ ಆ 16,000ವನ್ನು ಇಂದೇ ರೂಪಾಯಿಯಾಗಿಸಿ ಎನ್‌ಆರ್‌ಇ ಮುದ್ದತು ಠೇವಣಿಯಲ್ಲಿಡಬಹುದು. ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಇಲ್ಲೊಂದು ಗುಂಡಿಯಿದೆ. ಒಂದು ವರ್ಷ ತುಂಬುವ ಮೊದಲೇ ಒಡೆದರೆ ಈ ಠೇವಣಿಗೆ ಬಿಡಿಗಾಸು ಬಡ್ಡಿಯೂ ದೊರೆಯದು. ಬಡ್ಡಿಯ ಆಸೆಯಿಂದ ಗಂಟನ್ನೆಲ್ಲ ಠೇವಣಿಗೆ ಹಾಕಿದವನು, ಮೂರನೆಯ ತಿಂಗಳು ತಾರಸಿಯ ಹಣಕ್ಕೆ ಕರೆ ಬಂದಾಗ ಪೆಚ್ಚಾಗುತ್ತಾನೆ. ಮನೆಯೇ ಇನ್ನೂ ನಿಶ್ಚಯವಾಗದವನಿಗೆ ಎಫ್‌ಸಿಎನ್‌ಆರ್ ಠೇವಣಿಯುಂಟು. ಅಲ್ಲಿ ಹಣವು ಡಾಲರಾಗಿಯೇ ಉಳಿಯುತ್ತದೆ, ವರ್ಷದ ನಿಯಮ ಅಲ್ಲಿಯೂ ಇದೆ.

ಕಂತು ಹೆಚ್ಚಿದಷ್ಟೂ ಕಳುಹಿಸುವ ಖರ್ಚು ಹೆಚ್ಚುತ್ತದೆಂಬುದು ಅರ್ಧ ಸತ್ಯ. ಪ್ರತಿ ಸಲದ ಶುಲ್ಕ ಹೆಚ್ಚುವುದು ನಿಜ. ಆದರೆ ಅದು ಸಣ್ಣ ಮೊತ್ತ. ದೊಡ್ಡ ಖರ್ಚು ದರದೊಳಗೇ ಅಡಗಿರುತ್ತದೆ. 23ರ ಬದಲು 22.80 ಕೊಟ್ಟರೆ 78,000 ದಿರಮಿಗೆ 15,600 ರೂಪಾಯಿ ಕೈಬಿಟ್ಟಂತೆ. "ಶುಲ್ಕವಿಲ್ಲ" ಎಂಬ ಫಲಕಕ್ಕೆ ಮರುಳಾಗದೆ, ಒಂದೇ ಹೊತ್ತಿನಲ್ಲಿ ಎರಡು ಮೂರು ವಿನಿಮಯ ಕಚೇರಿಗಳನ್ನು ಕೇಳಬೇಕಾದುದು ಇಷ್ಟೇ: "ಇಷ್ಟು ದಿರಮು ಕೊಟ್ಟರೆ ಮಂಗಳೂರಿನ ಖಾತೆಗೆ ಎಷ್ಟು ರೂಪಾಯಿ ಮುಟ್ಟುತ್ತದೆ?"