ಚಿತ್ರದ ಮೇಲೆ ಏನು, ಚಿತ್ರದ ಕೆಳಗೆ ಏನು?

ಸಂಕ್ರಾಂತಿಗೆ ಮನೆಯಲ್ಲೇ ಎಳ್ಳು-ಬೆಲ್ಲ ಮಾಡಿ ಮಾರೋಣ ಅಂತ ಹೊರಟಿದ್ದೀರಿ. ಕೊಬ್ಬರಿ ಹೆಚ್ಚಿ ಬೆರಳೆಲ್ಲ ನೋವು. ಚೆನ್ನಾಗಿ ಫೋಟೋ ತೆಗೆದು ಇನ್‌ಸ್ಟಾಗ್ರಾಮ್‌ನಲ್ಲಿ ಐದಾರು ಚಿತ್ರ ಒಟ್ಟಿಗೆ ಹಾಕಿದ್ದೂ ಆಯ್ತು. ಲೈಕ್‌ಗಳಿಗೇನೂ ಕಮ್ಮಿ ಇಲ್ಲ. ಆದರೆ ಕಾಮೆಂಟ್ ನೋಡಿದರೆ ಬರೀ "ಎಷ್ಟು?", "ಎಲ್ಲಿ ಸಿಗುತ್ತೆ?", "ಇನ್ನೂ ಇದೆಯಾ?" ಎಂಬ ಪ್ರಶ್ನೆಗಳೇ. ಎಲ್ಲಾ ಬರೆದಿದ್ದೀನಲ್ಲ, ಇವರು ಓದೋದೇ ಇಲ್ವಾ ಅಂತ ನಿಮಗೆ ಸಿಟ್ಟು ಬರುತ್ತೆ, ಅಲ್ವಾ?

ಓದುತ್ತಾರೆ. ಆದರೆ ನೀವು ಬರೆದ ಜಾಗದಲ್ಲಿ ಅಲ್ಲ.

ಬೆರಳಲ್ಲಿ ಪಕ್ಕಕ್ಕೆ ಸರಿಸುತ್ತಾ ಒಂದಾದ ಮೇಲೊಂದು ಚಿತ್ರ ನೋಡುವ ಪೋಸ್ಟ್‌ಗೆ ಕ್ಯಾರೊಸೆಲ್ ಎಂದು ಹೆಸರು. 2017ರಲ್ಲಿ ಇದು ಬಂದಾಗ ಹತ್ತು ಚಿತ್ರ ಹಾಕಬಹುದಿತ್ತು, 2024ರಿಂದ ಇಪ್ಪತ್ತು ಹಾಕಬಹುದು. ಇದರಲ್ಲಿ ಬರೆಯಲು ಎರಡು ಜಾಗ. ಒಂದು, ಚಿತ್ರದ ಮೇಲೆಯೇ ಕೂರಿಸುವ ಅಕ್ಷರ, ಅಂದರೆ ಸ್ಲೈಡ್‌ನ ಬರಹ. ಇನ್ನೊಂದು, ಕೆಳಗೆ ಟೈಪ್ ಮಾಡುವ ಕ್ಯಾಪ್ಷನ್. ಬಹಳ ಮಂದಿ ಸ್ಲೈಡ್ ಮೇಲೆ ಬರೆದಿದ್ದನ್ನೇ ಕೆಳಗೂ ಬರೆಯುತ್ತಾರೆ. ಇಲ್ಲವೇ ಎಲ್ಲವನ್ನೂ ಚಿತ್ರದ ಮೇಲೆ ತುರುಕಿ, ಕೆಳಗೆ ನಾಲ್ಕು ಹೂವಿನ ಚಿಹ್ನೆ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಈ ಎರಡು ಜಾಗಗಳ ಸ್ವಭಾವ ಬೇರೆ ಬೇರೆ. ಅದು ಗೊತ್ತಾದರೆ ಯಾವ ಮಾತು ಎಲ್ಲಿಗೆ ಅನ್ನೋದು ತಾನಾಗಿಯೇ ಹೊಳೆಯುತ್ತೆ.

ಸ್ಲೈಡ್ ಮೇಲಿನ ಅಕ್ಷರ ಚಿತ್ರದ ಜೊತೆ ಊರೂರು ಸುತ್ತುತ್ತದೆ. ನಿಮ್ಮ ಪೋಸ್ಟ್ ನೋಡಿದ ಗೆಳತಿ ಸ್ಕ್ರೀನ್‌ಶಾಟ್ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾಳೆ. ಅಲ್ಲಿಂದ ಅದು ಅವಳ ನಾದಿನಿಯ ಗುಂಪಿಗೆ ಹೋಗುತ್ತದೆ. ಹೋಗುವುದು ಚಿತ್ರ ಮಾತ್ರ, ಕ್ಯಾಪ್ಷನ್ ಹಿಂದೆಯೇ ಉಳಿದುಬಿಡುತ್ತದೆ. ಆದರೆ ಒಂದು ಅಡಚಣೆ ಇದೆ. ಒಮ್ಮೆ ಹಾಕಿದ ಮೇಲೆ ಚಿತ್ರದೊಳಗಿನ ಅಕ್ಷರವನ್ನು ತಿದ್ದಲು ಬರುವುದಿಲ್ಲ. ₹300 ಅಂತ ಬರೆದಿದ್ದರೆ ಅದು ₹300ೇ.

ಕ್ಯಾಪ್ಷನ್ ಹಾಗಲ್ಲ. ಅದು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಆದರೆ ಯಾವಾಗ ಬೇಕಾದರೂ ಮೂರು ಚುಕ್ಕಿ ಒತ್ತಿ ಎಡಿಟ್ ಮಾಡಬಹುದು. ಹುಡುಕುವವರಿಗೆ ನಿಮ್ಮ ಪೋಸ್ಟ್ ಸಿಗುವಂತೆ ಮಾಡುವುದೂ ಮುಖ್ಯವಾಗಿ ಅದರಲ್ಲಿರುವ ಪದಗಳೇ. 2,200 ಅಕ್ಷರದವರೆಗೆ ಬರೆಯಬಹುದಾದರೂ ಮೊದಲಿಗೆ ಕಾಣುವುದು ಒಂದೆರಡು ಸಾಲು ಅಷ್ಟೇ. ಉಳಿದದ್ದನ್ನು ಓದಲು ಒತ್ತಬೇಕು. ಒತ್ತುವವರು ಯಾರು? ಆಗಲೇ ಆಸಕ್ತಿ ಹುಟ್ಟಿದವರು.

ಹಾಗಾಗಿ ನಾನು ಹೇಳುವ ಲೆಕ್ಕ ಇಷ್ಟು. ಚಿತ್ರ ಒಂದೇ ಯಾರ ಕೈಗಾದರೂ ಸಿಕ್ಕರೆ ಅವರಿಗೆ ಗೊತ್ತಾಗಲೇಬೇಕಾದ್ದು ಸ್ಲೈಡ್ ಮೇಲೆ. ನಾಳೆ ಬದಲಾಗಬಹುದಾದ್ದು, ಕೊಳ್ಳಲು ತಯಾರಾದವರಿಗೆ ಮಾತ್ರ ಬೇಕಾದ್ದು ಕ್ಯಾಪ್ಷನ್‌ನಲ್ಲಿ.

ಬನ್ನಿ, ಎಳ್ಳು-ಬೆಲ್ಲದ ಪೋಸ್ಟನ್ನೇ ಹೀಗೆ ಹಂಚಿ ನೋಡೋಣ. ನಿಮ್ಮ ಮನೆ ಮಲ್ಲೇಶ್ವರದಲ್ಲಿ, ಅರ್ಧ ಕೆಜಿಗೆ ₹300, ಆರ್ಡರ್ ತೆಗೆದುಕೊಳ್ಳುವುದು 2027ರ ಜನವರಿ 8ರವರೆಗೆ ಅಂತಿಟ್ಟುಕೊಳ್ಳಿ.

ಮೊದಲ ಸ್ಲೈಡ್‌ಗೆ ತಟ್ಟೆಯಲ್ಲಿ ಎಳ್ಳು-ಬೆಲ್ಲ, ಪಕ್ಕದಲ್ಲಿ ಕಬ್ಬಿನ ತುಂಡು ಇರುವ ಫೋಟೋ. ಅದರ ಮೇಲೆ "ಮನೆಯಲ್ಲೇ ಹೆಚ್ಚಿದ ಎಳ್ಳು-ಬೆಲ್ಲ" ಎಂದು ದೊಡ್ಡದಾಗಿ, ಕೆಳಗೆ "ಆರ್ಡರ್ 8 ಜನವರಿ 2027ರವರೆಗೆ" ಎಂದು ಬರೆದರೆ ಸಾಕು. "ಹೆಚ್ಚಿದ" ಅನ್ನೋ ಪದ ಸುಮ್ಮನೆ ಹಾಕಿದ್ದಲ್ಲ. ಅಂಗಡಿಯ ಮಿಶ್ರಣಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸವೇ ಅದು. ಇನ್ನು ವರ್ಷ ಯಾಕೆ ಅಂತೀರಾ? ವಾಟ್ಸಾಪ್‌ನಲ್ಲಿ ಚಿತ್ರಕ್ಕೆ ಸಾವೇ ಇಲ್ಲ. ಮುಂದಿನ ಸಂಕ್ರಾಂತಿಗೆ ಯಾರೋ ಹಳೇ ಸ್ಕ್ರೀನ್‌ಶಾಟ್ ತೋರಿಸಿ, "ಮೇಡಂ, ₹300 ಅಂತ ಹಾಕಿದ್ದೀರಲ್ಲ" ಎಂದಾಗ ಆ ನಾಲ್ಕು ಅಂಕಿ ನಿಮ್ಮ ಕಡೆ ಸಾಕ್ಷಿ ಹೇಳುತ್ತವೆ.

ಎರಡನೇ ಸ್ಲೈಡ್ ಬಗ್ಗೆ ಸ್ವಲ್ಪ ನಿಂತು ಯೋಚಿಸಿ. ಮೊದಲ ಚಿತ್ರ ನೋಡಿ ಪಕ್ಕಕ್ಕೆ ಸರಿಸದೆ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಅದೇ ಪೋಸ್ಟನ್ನು ಮತ್ತೊಮ್ಮೆ ತೋರಿಸುವುದುಂಟು. ಆಗ ಎರಡನೇ ಚಿತ್ರವನ್ನೇ ಮುಂದಿಡಬಹುದು. ಅಂದರೆ ಕೆಲವರಿಗೆ ನಿಮ್ಮ ಎರಡನೇ ಸ್ಲೈಡೇ ಬಾಗಿಲು. ಅಲ್ಲಿ "ಇದರಲ್ಲಿ ಏನೇನಿದೆ ಗೊತ್ತಾ?" ಅಂತ ಶುರು ಮಾಡಿದರೆ, ಯಾವುದರಲ್ಲಿ ಅಂತಲೇ ಅವರಿಗೆ ತಿಳಿಯದು. ಆದ್ದರಿಂದ ಅದು ಒಂಟಿಯಾಗಿ ನಿಲ್ಲಬೇಕು. "ಸಂಕ್ರಾಂತಿ ಎಳ್ಳು-ಬೆಲ್ಲ, ಅರ್ಧ ಕೆಜಿ ₹300, ಮಲ್ಲೇಶ್ವರ" ಎಂದು ವಸ್ತು, ಬೆಲೆ, ಊರು ಮೂರೂ ಅಲ್ಲಿರಲಿ.

ಬೆಲೆ ನಾಳೆ ಬದಲಾಗಬಹುದಲ್ಲ, ಅದು ಕ್ಯಾಪ್ಷನ್‌ಗೆ ಅಲ್ವಾ ಸೇರಬೇಕು ಎಂದು ನೀವು ಕೇಳಬಹುದು. ವರ್ಷವಿಡೀ ಮಾರುವ ಚಟ್ನಿಪುಡಿ, ಸಾರಿನ ಪುಡಿಗಾದರೆ ಹಾಗೇ ಮಾಡಿ. ಒಣಮೆಣಸಿನಕಾಯಿ ದರ ಏರಿದಂತೆ ನಿಮ್ಮ ಬೆಲೆಯೂ ಏರಬೇಕಾಗುತ್ತದೆ. ಹಬ್ಬದ ಸಾಮಾನಿಗೆ ಮಾರಾಟವೇ ಎರಡು ವಾರ. ಆ ಎರಡು ವಾರದ ಬೆಲೆಯನ್ನು ಮೊದಲೇ ಗಟ್ಟಿ ಮಾಡಿಕೊಂಡು ಚಿತ್ರದ ಮೇಲೆ ಬರೆದುಬಿಡುವುದೇ ವಾಸಿ. ಬೆಲೆ ಮುಚ್ಚಿಟ್ಟು "ಡಿಎಂ ಮಾಡಿ" ಅನ್ನುವುದು ನನಗಂತೂ ಹಿಡಿಸದು. ಕೇಳಲು ಸಂಕೋಚಪಡುವವರು ಸುಮ್ಮನೆ ಮುಂದೆ ಹೋಗುತ್ತಾರೆ.

ಮೂರನೇ ಸ್ಲೈಡ್‌ನಲ್ಲಿ ಬಿಳಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ ಐದನ್ನೂ ಚಿಕ್ಕ ಬಟ್ಟಲುಗಳಲ್ಲಿಟ್ಟ ಫೋಟೋ, ಒಂದೊಂದರ ಪಕ್ಕ ಹೆಸರು. ಇಲ್ಲಿ ಒಂದು ಮಾತನ್ನು ಮಾತ್ರ ಸ್ಲೈಡ್ ಮೇಲೂ ಕ್ಯಾಪ್ಷನ್‌ನಲ್ಲೂ ಎರಡು ಸಲ ಬರೆಯಿರಿ. ಅದು ಕಡಲೆಕಾಯಿ ಬೀಜ ಮತ್ತು ಎಳ್ಳು ಇದೆ ಅನ್ನುವುದು. ಇವು ಕೆಲವರಿಗೆ ಅಲರ್ಜಿ, ಕೆಲವು ಮಕ್ಕಳಿಗೆ ಜೀವಕ್ಕೇ ಅಪಾಯ. ಎಳ್ಳು-ಬೆಲ್ಲದಲ್ಲಿ ಎಳ್ಳಿರುವುದು ಯಾರಿಗೆ ಗೊತ್ತಿಲ್ಲ ಅನ್ನಬೇಡಿ, ಪಕ್ಕದ ಮನೆಗೆ ಬೇರೆ ರಾಜ್ಯದವರು ಬಂದಿರುತ್ತಾರೆ. ಕಣ್ಣು ಕಾಣದವರು ಫೋನ್ ಓದಿ ಹೇಳುವ ಸೌಲಭ್ಯ ಬಳಸುತ್ತಾರೆ. ಅದು ಕ್ಯಾಪ್ಷನ್ ಓದುತ್ತದೆ, ಚಿತ್ರದೊಳಗಿನ ಅಕ್ಷರವನ್ನು ಓದಿಯೇ ಓದುತ್ತದೆ ಎಂದು ನಂಬುವಂತಿಲ್ಲ. ವಾಟ್ಸಾಪ್‌ನಲ್ಲಿ ಚಿತ್ರ ಮಾತ್ರ ಸಿಕ್ಕವರಿಗೆ ಕ್ಯಾಪ್ಷನ್ ಕಾಣದು. ಅದಕ್ಕೇ ಎರಡೂ ಕಡೆ.

ನಾಲ್ಕನೆಯದಕ್ಕೆ ಸಕ್ಕರೆ ಅಚ್ಚಿನ ಫೋಟೋ, ಐದನೆಯದಕ್ಕೆ ಎಳ್ಳು ಬೀರಲು ಸಿದ್ಧವಾದ ಪುಟ್ಟ ಪೊಟ್ಟಣಗಳು. ಇವುಗಳ ಮೇಲೆ ಒಂದೊಂದು ಸಾಲು ಬರೆದರೆ ಬರೆಯಿರಿ, ಬಿಟ್ಟರೂ ನಡೆಯುತ್ತೆ. ಕೊನೆಯ ಸ್ಲೈಡ್‌ನಲ್ಲಿ ಆರ್ಡರ್‌ಗೆ ವಾಟ್ಸಾಪ್ ನಂಬರ್, ಕಡೆಯ ದಿನ ಮತ್ತೊಮ್ಮೆ.

ಈಗ ಕ್ಯಾಪ್ಷನ್. ಅದರ ಮೊದಲ ಸಾಲನ್ನು "ಎಲ್ಲರಿಗೂ ನಮಸ್ಕಾರ, ಹಬ್ಬದ ಶುಭಾಶಯಗಳು" ಎಂದು ಖರ್ಚು ಮಾಡಬೇಡಿ. ಒತ್ತದೇ ಕಾಣುವ ಜಾಗ ಅದೊಂದೇ. ಹೀಗೆ ಬರೆಯಬಹುದು:

"ಆರ್ಡರ್ ತೆಗೆದುಕೊಳ್ಳುತ್ತಿದ್ದೇವೆ. ಮಲ್ಲೇಶ್ವರದಲ್ಲಿ ಮನೆಗೆ ತಲುಪಿಸುತ್ತೇವೆ, ಬೇರೆ ಕಡೆಯವರು ಮನೆಗೇ ಬಂದು ಒಯ್ಯಬೇಕು."

ಇದರ ಒಂದು ಮಾತೂ ಸ್ಲೈಡ್‌ನಲ್ಲಿಲ್ಲ, ಗಮನಿಸಿದಿರಾ? ಇದು ದಿನದಿನಕ್ಕೆ ಬದಲಾಗುವ ಸುದ್ದಿ. ಆರ್ಡರ್ ಸಾಕಾದ ದಿನ ಆ ಸಾಲನ್ನು "ಈ ವರ್ಷದ ಆರ್ಡರ್ ಮುಗಿದಿದೆ" ಎಂದು ತಿದ್ದಿದರೆ ಆಯ್ತು. ಕೆಳಗೆ ಉಳಿದ ವಿವರ ಸಾವಧಾನವಾಗಿ ಬರಲಿ: ತಲುಪಿಸುವ ಚಾರ್ಜ್ ಎಷ್ಟು, ಮುಂಗಡ ಬೇಕೇ, ಸಕ್ಕರೆ ಅಚ್ಚು ಸೇರಿದೆಯೋ ಬೇರೆಯೋ, ಕಡಲೆಕಾಯಿ ಬೀಜ ಮತ್ತು ಎಳ್ಳಿನ ಎಚ್ಚರಿಕೆ, ನಿಮ್ಮ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ. ಗಾಳಿಯಾಡದ ಡಬ್ಬದಲ್ಲಿ ಇಡದಿದ್ದರೆ ಹುರಿಗಡಲೆ ಮೆತ್ತಗಾಗುತ್ತೆ ಅನ್ನೋ ಕಿವಿಮಾತೂ ಇಲ್ಲಿಗೇ ಸರಿ.

ಹುಡುಕುವವರಿಗಾಗಿ ಒಂದು ಸಾಲು ಬೇಕು. ಕನ್ನಡದವರೇ ಎಷ್ಟೋ ಮಂದಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ಆದ್ದರಿಂದ ಕ್ಯಾಪ್ಷನ್ ಕೊನೆಗೆ ellu bella, sakkare acchu, Malleshwaram ಎಂದು ಅವರು ಟೈಪ್ ಮಾಡುವ ಹಾಗೆಯೇ ಬರೆಯಿರಿ. ಇದನ್ನು ಸ್ಲೈಡ್ ಮೇಲೆ ಹಾಕಿದರೆ ಅಂದ ಕೆಡುತ್ತದೆ ಅಷ್ಟೇ. ಇನ್ನೊಂದು ವಿಷಯ, ವೆಬ್‌ಸೈಟಿನ ಲಿಂಕನ್ನು ಕ್ಯಾಪ್ಷನ್‌ನಲ್ಲಿ ಹಾಕಿದರೆ ಒತ್ತಿದಾಗ ತೆರೆದುಕೊಳ್ಳುತ್ತೆ ಅಂತ ನೆಚ್ಚಿಕೊಳ್ಳಬೇಡಿ. ಅದರ ಜಾಗ ಪ್ರೊಫೈಲ್‌ನ ಬಯೋ.

ಸ್ಲೈಡ್‌ನ ಕನ್ನಡ ಅಕ್ಷರಕ್ಕೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳು ಹತ್ತಿರವಾದರೆ "ಎಳ್ಳು" ವಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಒಂದು ಸ್ಲೈಡ್‌ಗೆ ಹತ್ತು ಹನ್ನೆರಡು ಪದ ಮೀರಬೇಡಿ. ಬರಹ ಅಂಚಿಗೆ ತಾಗದಿರಲಿ. 2025ರ ಜನವರಿಯಲ್ಲಿ ಪ್ರೊಫೈಲ್ ಪುಟದ ಚೌಕ ಚಿತ್ರಗಳು ಉದ್ದನೆಯವಾದವು, ಅಂದಿನಿಂದ ಚೌಕಾಕಾರದ ಚಿತ್ರದ ಎಡ-ಬಲ ಅಲ್ಲಿ ಕತ್ತರಿಸಿ ಹೋಗುತ್ತದೆ. "₹300" ಇದ್ದದ್ದು "₹30" ಆಗಿ ಕಂಡರೆ ಏನಾಗುತ್ತೆ, ನೀವೇ ಊಹಿಸಿ!

ಪೋಸ್ಟ್ ಹಾಕುವ ಮುಂಚೆ ಎರಡನೇ ಸ್ಲೈಡನ್ನು ಮಾತ್ರ ತಂಗಿಗೋ ಓರಗಿತ್ತಿಗೋ ವಾಟ್ಸಾಪ್ ಮಾಡಿ, ಏನೂ ಹೇಳದೆ "ಇದು ಏನು, ಎಷ್ಟು, ಎಲ್ಲಿ?" ಅಂತ ಕೇಳಿ. ಮೂರಕ್ಕೂ ಉತ್ತರ ಬಂದರೆ ಸ್ಲೈಡ್ ಸರಿಯಾಗಿದೆ. ಹಾಕಿದ ಮೇಲೆ ಕಾಮೆಂಟುಗಳೇ ನಿಮ್ಮ ಪರೀಕ್ಷಕರು. ಕ್ಯಾಪ್ಷನ್‌ನಲ್ಲಿ ಇರುವುದನ್ನೇ ನಾಲ್ಕೈದು ಜನ ಕೇಳಿದರೆ ಮುಂದಿನ ಸಲ ಅದನ್ನು ಸ್ಲೈಡ್‌ಗೆ ಏರಿಸಿ. ಸ್ಲೈಡ್‌ನಲ್ಲಿ ಇದ್ದದ್ದನ್ನೇ ಕೇಳಿದರೆ ಅಕ್ಷರ ಸಣ್ಣದು ಅಥವಾ ಬಣ್ಣ ಚಿತ್ರದಲ್ಲಿ ಮುಳುಗಿದೆ ಎಂದರ್ಥ. ಬಿಳಿ ಎಳ್ಳಿನ ಮೇಲೆ ಹಳದಿ ಅಕ್ಷರ ಯಾರಿಗೆ ಕಾಣುತ್ತೆ ಹೇಳಿ?

ಹಬ್ಬ ಮುಗಿದ ಮೇಲೆ ಪೋಸ್ಟ್ ಅಳಿಸಬೇಡಿ. "ಬೆಲ್ಲ ಚೆನ್ನಾಗಿತ್ತು ಆಂಟಿ" ಎಂದು ಬರೆದವರ ಮಾತುಗಳೂ ಅದರ ಜೊತೆಗೇ ಹೋಗಿಬಿಡುತ್ತವೆ. ಕ್ಯಾಪ್ಷನ್‌ನ ಮೊದಲ ಸಾಲನ್ನು ತಿದ್ದಿ, "2027ರ ಮಾರಾಟ ಮುಗಿದಿದೆ, ಮುಂದಿನ ಸಂಕ್ರಾಂತಿಗೆ ಡಿಸೆಂಬರ್‌ನಲ್ಲಿ ಕೇಳಿ" ಎಂದು ಬರೆದು ಹಾಗೇ ಇಡಿ.