ಟಾರ್ಗೆಟ್ ಒಡೆದದ್ದನ್ನು ಪಿಎಫ್ ಕೂಡಿಸಿತು

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಶರ್ಟ್ ಲೈನ್ ಅಂದುಕೊಳ್ಳಿ. ಒಬ್ಬಳು ಕಾಲರ್ ಕೂರಿಸುತ್ತಾಳೆ, ಅವಳ ಮುಂದಿನವಳು ತೋಳು ಜೋಡಿಸುತ್ತಾಳೆ, ಕೊನೆಯಲ್ಲಿ ಚೆಕ್ಕಿಂಗ್. ಗಂಟೆಗೆ 80 ಪೀಸ್ ಟಾರ್ಗೆಟ್ ಇದ್ದು, ಕಾಲರ್‌ನವಳು 60 ಮಾತ್ರ ಕೊಟ್ಟರೆ ತೋಳಿನವಳು ಎಷ್ಟೇ ಚುರುಕಾಗಿದ್ದರೂ 60 ದಾಟಲಾರಳು. ಸೂಪರ್‌ವೈಸರ್ ಬಂದು ಬೈಯುವುದು ಇಬ್ಬರಿಗೂ. ಆಗ ತೋಳಿನವಳ ಸಿಟ್ಟು ಹೋಗುವುದು ಕಾಲರ್‌ನವಳ ಮೇಲೆ, 80 ಎಂದು ಗೊತ್ತುಮಾಡಿದವರ ಮೇಲಲ್ಲ. ಅವರು ಅವಳ ಕಣ್ಣಿಗೆ ಬೀಳುವುದೇ ಇಲ್ಲ.

ಮಾರ್ಕ್ಸ್‌ವಾದಿಗಳು ಹುಸಿಪ್ರಜ್ಞೆ ಎನ್ನುವುದು ಇಂಥದ್ದನ್ನು. ಮಾರ್ಕ್ಸ್ ಈ ಪದ ಬಳಸಿದವನಲ್ಲ. 1893ರಲ್ಲಿ ಫ್ರಾಂಜ್ ಮೆಹ್ರಿಂಗ್‌ಗೆ ಬರೆದ ಪತ್ರದಲ್ಲಿ ಅದನ್ನು ಬಳಸಿದವನು ಏಂಗೆಲ್ಸ್. ಮನುಷ್ಯನ ಯೋಚನೆಯನ್ನು ನಿಜವಾಗಿ ನಡೆಸುವ ಕಾರಣಗಳು ಅವನಿಗೇ ಕಾಣದೆ ಉಳಿಯುತ್ತವೆ ಎಂಬುದು ಅವನ ಮಾತಿನ ಸಾರ. ಇಲ್ಲಿ ದಡ್ಡತನದ ಮಾತಿಲ್ಲ. ತೋಳಿನವಳು ಕಂಡದ್ದು ಸುಳ್ಳಲ್ಲ, ಪೀಸ್ ತಡವಾದದ್ದು ನಿಜವೇ. ಕೆಲಸವನ್ನು ಜೋಡಿಸಿರುವ ರೀತಿಯೇ ಪಕ್ಕದವಳನ್ನು ಎದುರಾಳಿಯಾಗಿ ತೋರಿಸುತ್ತದೆ. ಬದುಕುವ ಪರಿಸ್ಥಿತಿ ಯೋಚನೆಯನ್ನು ರೂಪಿಸುತ್ತದೆ ಎಂಬ ಭೌತವಾದಿ ವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಹಾಗಾದರೆ ವರ್ಗಪ್ರಜ್ಞೆ ಹುಟ್ಟುವುದು ಹೇಗೆ? ಒಂದೇ ಸ್ಥಿತಿಯಲ್ಲಿರುವ ಜನ ಬೇರೆ, ಆ ಸ್ಥಿತಿ ತಮ್ಮೆಲ್ಲರದು ಎಂದು ಅರಿತು ಒಟ್ಟಾಗುವ ಜನ ಬೇರೆ ಎಂಬುದನ್ನು ಮಾರ್ಕ್ಸ್ 1847ರಲ್ಲೇ ಗುರುತಿಸಿದ್ದ. ಮೊದಲನೆಯದು ಎರಡನೆಯದಾಗುವ ಗಳಿಗೆಯನ್ನು ಬೆಂಗಳೂರು ಕಣ್ಣಾರೆ ಕಂಡದ್ದು 2016ರಲ್ಲಿ. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಮುಪ್ಪಿನ ಹಣವಲ್ಲ. ಕೆಲಸ ಬಿಟ್ಟಾಗ ಸಾಲ ತೀರಿಸಲು, ಮಕ್ಕಳ ಫೀಸು ಕಟ್ಟಲು ಕೈಗೆ ಬರುವ ಗಂಟು. ಏಪ್ರಿಲ್ 18ರಂದು ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ ಕೂಡ ಮುಂದಾಗಿ ಕರೆ ಕೊಟ್ಟಿರಲಿಲ್ಲ. ಮರುದಿನ ಗಲಾಟೆ ಹೆಚ್ಚಿ, ಬಸ್ಸುಗಳಿಗೆ ಬೆಂಕಿ ಬಿತ್ತು. ಅದೇ ದಿನ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು.

ಟಾರ್ಗೆಟ್ ಒಬ್ಬೊಬ್ಬಳಿಗೆ ಒಂದೊಂದು ಥರ ಚುಚ್ಚುತ್ತದೆ. ಪಿಎಫ್ ನಿಯಮ ಕಾಲರ್, ತೋಳು ಎನ್ನದೆ, ಈ ಕಾರ್ಖಾನೆ ಆ ಕಾರ್ಖಾನೆ ಎನ್ನದೆ ಎಲ್ಲರಿಗೂ ಒಂದೇ ಸಲ ತಗುಲಿತು. ಎಲ್ಲರೂ ಒಟ್ಟಾದದ್ದು ಅದರಿಂದ, ಭಾಷಣದಿಂದಲ್ಲ.

ಆದರೂ ಲೂಕಾಚ್‌ನಂಥವರ ಅಳತೆಗೆ ಇದು ಪೂರ್ತಿ ವರ್ಗಪ್ರಜ್ಞೆ ಅಲ್ಲ. ಸಿಟ್ಟು ತಿರುಗಿದ್ದು ಸರ್ಕಾರದ ಒಂದು ನಿಯಮದ ಮೇಲೆ, ದುಡಿಮೆಯ ಫಲ ಯಾರ ಪಾಲಾಗುತ್ತದೆ ಎಂಬ ಪ್ರಶ್ನೆಯ ಮೇಲಲ್ಲ. ಈ ಅಳತೆಗೋಲಿನ ಬಗ್ಗೆ ನನಗೆ ತಕರಾರಿದೆ. ಕಾರ್ಮಿಕರ ನಿಜವಾದ ಹಿತ ಯಾವುದೆಂದು ಹೊರಗಿನವರೇ ನಿರ್ಧರಿಸಿ, ಒಪ್ಪದವರಿಗೆಲ್ಲ ಹುಸಿಪ್ರಜ್ಞೆ ಎಂದು ಹಣೆಪಟ್ಟಿ ಹಚ್ಚುವುದು ಬಲು ಸುಲಭ. ಪಿಎಫ್ ಹಣ ಮುಪ್ಪಿಗೇ ಇರಲಿ ಎಂದ ಅಧಿಕಾರಿಗಳೂ ಹಾಗೆಯೇ ಕಾರ್ಮಿಕರ ಹಿತವನ್ನು ತಾವೇ ಗೊತ್ತುಮಾಡಿದ್ದರು.