ಶೇ 1 ಯಾವಾಗ ದುಬಾರಿ?

ಕೆಲವು ಹಾರ್ಡ್‌ವೇರ್ ಅಂಗಡಿಗಳ ಬೋರ್ಡಿನ ಮೂಲೆಯಲ್ಲಿ ‘ಕಾಂಪೊಸಿಷನ್ ಟ್ಯಾಕ್ಸಬಲ್ ಪರ್ಸನ್’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಮೊಳೆ, ನಲ್ಲಿ, ಬಣ್ಣ ಕೊಳ್ಳಲು ಬಂದವರು ಅದನ್ನು ಗಮನಿಸುವುದಿಲ್ಲ, ಗಮನಿಸುವ ಅಗತ್ಯವೂ ಅವರಿಗಿಲ್ಲ. ಆದರೆ ಆ ಅಂಗಡಿಯ ವರ್ಷದ ಲಾಭ ಎಷ್ಟು ಎಂಬುದರಲ್ಲಿ ಆ ಮೂರು ಪದಗಳ ಪಾತ್ರ ದೊಡ್ಡದು.

ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಅಲ್ಲಿಂದ 1.5 ಕೋಟಿಯವರೆಗಿನ ವ್ಯಾಪಾರಿಗಳಿಗೆ ಎರಡು ದಾರಿಗಳಿವೆ. ಮೊದಲನೆಯದು ರೆಗ್ಯುಲರ್: ಮಾರಾಟದ ಮೇಲೆ ತೆರಿಗೆ ಹಾಕಿ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದು, ಉಳಿದದ್ದನ್ನು ಕಟ್ಟುವುದು. ಎರಡನೆಯದು ಕಾಂಪೊಸಿಷನ್: ಗಿರಾಕಿಯಿಂದ ತೆರಿಗೆ ವಸೂಲಿ ಮಾಡದೆ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನೂ ಮರಳಿ ಕೇಳದೆ, ಒಟ್ಟು ಮಾರಾಟದ ಮೇಲೆ ಶೇ 1ರಷ್ಟನ್ನು ಕೈಯಿಂದ ಕಟ್ಟುವುದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದಾಗ, ಈ ಶೇ 1ರ ಮಾತು ಎಲ್ಲೆಡೆ ಕೇಳಿಬಂತು. ಶೇ 18ರ ಪಕ್ಕದಲ್ಲಿ ಶೇ 1 ಇಟ್ಟರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಈ ಹೋಲಿಕೆಯೇ ಸರಿಯಲ್ಲ. ರೆಗ್ಯುಲರ್ ವ್ಯಾಪಾರಿ ಶೇ 18 ಕಟ್ಟುವುದು ತಾನು ಸೇರಿಸಿದ ಲಾಭಾಂಶದ ಮೇಲೆ ಮಾತ್ರ. ಕಾಂಪೊಸಿಷನ್‌ನವನು ಶೇ 1 ಕಟ್ಟುವುದು ಪೂರ್ತಿ ಮಾರಾಟದ ಮೇಲೆ.

ಎರಡು ವಸ್ತು ತೆಗೆದುಕೊಳ್ಳೋಣ. ಎರಡಕ್ಕೂ ತೆರಿಗೆ ಶೇ 18. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟೂ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ ಹಾರ್ಡ್‌ವೇರ್ ಅಂಗಡಿಯ ಬಹುಪಾಲು ಸರಕು ಈಗ ಒಂದೇ ದರದ ಕೆಳಗೆ ಬರುತ್ತದೆ. ಒಂದು ನಲ್ಲಿ. ತೆರಿಗೆ ಸೇರಿ 236 ರೂಪಾಯಿಗೆ ಕೊಂಡು 354ಕ್ಕೆ ಮಾರಿದರೆ ಲಾಭಾಂಶ 118. ರೆಗ್ಯುಲರ್ ಆಗಿದ್ದರೆ ಅದರಲ್ಲಿ 18 ರೂಪಾಯಿ ಸರ್ಕಾರಕ್ಕೆ, ಕಾಂಪೊಸಿಷನ್ ಆಗಿದ್ದರೆ 3 ರೂಪಾಯಿ 54 ಪೈಸೆ. ಇನ್ನೊಂದು ಸಿಮೆಂಟ್ ಮೂಟೆ. ಮಾರುವ ಬೆಲೆ ಅದೇ 354, ಆದರೆ ಕೊಂಡದ್ದು 342 ರೂಪಾಯಿ 20 ಪೈಸೆಗೆ. ಸಿಮೆಂಟಿನಲ್ಲಿ ಪೈಪೋಟಿ ಹೆಚ್ಚು, ಮೂಟೆಗೆ ಸಿಗುವುದು ಕಡಿಮೆ. ಇಲ್ಲಿ ರೆಗ್ಯುಲರ್ ವ್ಯಾಪಾರಿ ಕಟ್ಟುವುದು 1 ರೂಪಾಯಿ 80 ಪೈಸೆ ಮಾತ್ರ. ಕಾಂಪೊಸಿಷನ್‌ನವನು ಮತ್ತದೇ 3 ರೂಪಾಯಿ 54 ಪೈಸೆ, ಸುಮಾರು ಎರಡು ಪಟ್ಟು.

ಹಾಗಾದರೆ ಗಡಿ ಎಲ್ಲಿದೆ? ಶೇ 18ರ ಸರಕಿಗೆ ಲೆಕ್ಕ ಹಾಕಿದರೆ, 100 ರೂಪಾಯಿ ಮಾರಾಟದಲ್ಲಿ ಸುಮಾರು ಆರೂವರೆ ರೂಪಾಯಿ ಲಾಭಾಂಶ ಇರುವಲ್ಲಿ ಎರಡೂ ದಾರಿ ಸಮ. ಅದಕ್ಕಿಂತ ಕಡಿಮೆಗೆ ಮಾರುವವನಿಗೆ ಶೇ 1 ದುಬಾರಿ, ಹೆಚ್ಚಿಗೆ ಮಾರುವವನಿಗೆ ಅಗ್ಗ. ಸಿಮೆಂಟಿಗೆ ಒಂದು ದಾರಿ, ನಲ್ಲಿ ಬೀಗಗಳಿಗೆ ಇನ್ನೊಂದು ಎಂದು ವಿಂಗಡಿಸುವಂತಿಲ್ಲ. ಒಂದು ಪ್ಯಾನ್ ಸಂಖ್ಯೆಯ ಕೆಳಗಿನ ಎಲ್ಲ ವ್ಯಾಪಾರಕ್ಕೂ ಒಂದೇ ಪದ್ಧತಿ. ಆದ್ದರಿಂದ ನೋಡಬೇಕಾದದ್ದು ಇಡೀ ಅಂಗಡಿಯ ಸರಾಸರಿ.

ತಿಪಟೂರಿನಂಥ ಊರಲ್ಲಿ ಒಂದು ಅಂಗಡಿ ಇದೆ ಎಂದುಕೊಳ್ಳೋಣ. ವರ್ಷಕ್ಕೆ 80 ಲಕ್ಷದ ಮಾರಾಟ, ತೆರಿಗೆ ಸೇರಿ 68 ಲಕ್ಷದ ಖರೀದಿ. ಉಳಿಯುವ 12 ಲಕ್ಷದಲ್ಲಿ ರೆಗ್ಯುಲರ್ ತೆರಿಗೆ ಸುಮಾರು 1.83 ಲಕ್ಷ, ಕಾಂಪೊಸಿಷನ್ ಆದರೆ 80 ಸಾವಿರ. ಉಳಿತಾಯ ಸುಮಾರು 1.03 ಲಕ್ಷ. ಪಕ್ಕದಲ್ಲೇ ಬರೀ ಸಿಮೆಂಟ್, ಕಬ್ಬಿಣ ಮಾರುವ ಇನ್ನೊಂದು ಅಂಗಡಿಗೆ ಅದೇ 80 ಲಕ್ಷದಲ್ಲಿ 3 ಲಕ್ಷ ಮಾತ್ರ ಉಳಿಯುತ್ತಿದ್ದರೆ ಅದರ ರೆಗ್ಯುಲರ್ ತೆರಿಗೆ 46 ಸಾವಿರದ ಆಸುಪಾಸು. ಕಾಂಪೊಸಿಷನ್‌ಗೆ ಹೋದರೆ 34 ಸಾವಿರ ಹೆಚ್ಚಿಗೆ ಕಟ್ಟಬೇಕಾಗುತ್ತದೆ.

ಮೊದಲ ಅಂಗಡಿಗೇ ಮರಳೋಣ. ಅದರ ಗಿರಾಕಿಗಳಲ್ಲಿ ಹೆಚ್ಚಿನವರು ಮನೆ ಕಟ್ಟಿಸುವವರು, ರೈತರು, ಪ್ಲಂಬರ್, ಬಡಗಿಗಳು. ಇವರಿಗೆ ಬಿಲ್ಲಿನಲ್ಲಿ ತೆರಿಗೆ ತೋರಿಸಿದರೂ ಒಂದೇ, ತೋರಿಸದಿದ್ದರೂ ಒಂದೇ. ತೊಡಕು ಬರುವುದು ಇನ್‌ಪುಟ್ ಕ್ರೆಡಿಟ್ ಪಡೆಯುವ ಗಿರಾಕಿಯಿಂದ. ಅಂಥ ಗುತ್ತಿಗೆದಾರ 11,800 ರೂಪಾಯಿಯ ಸಾಮಾನನ್ನು ರೆಗ್ಯುಲರ್ ಅಂಗಡಿಯಲ್ಲಿ ಕೊಂಡರೆ 1,800 ಕ್ರೆಡಿಟ್ ಆಗಿ ಮರಳುತ್ತದೆ. ನಿಜವಾದ ಖರ್ಚು 10,000. ಕಾಂಪೊಸಿಷನ್ ಅಂಗಡಿ ಕೊಡುವುದು ‘ಬಿಲ್ ಆಫ್ ಸಪ್ಲೈ’. ಅದರಲ್ಲಿ ತೆರಿಗೆಯ ಸಾಲೇ ಇರುವುದಿಲ್ಲ, ಪೂರ್ತಿ 11,800 ಅವನ ಖರ್ಚು. ಅವನನ್ನು ಉಳಿಸಿಕೊಳ್ಳಲು 10,000ಕ್ಕೇ ಕೊಡೋಣ ಎಂದರೆ ಅಂಗಡಿಗೆ ಆ ಸಾಮಾನು ಬಿದ್ದಿರುವುದೇ 10,030ಕ್ಕೆ.

ಹೀಗಾಗಿ ಅಂಥವನು ಬೇರೆ ಅಂಗಡಿಗೆ ಹೋಗುತ್ತಾನೆ ಎಂದೇ ಲೆಕ್ಕ ಹಾಕಬೇಕು. ನಮ್ಮ ಅಂಗಡಿಯಲ್ಲಿ ಲಾಭಾಂಶ ಶೇ 15. ಒಂದು ಲಕ್ಷದ ಮಾರಾಟ ಕೈತಪ್ಪಿದರೆ 15 ಸಾವಿರ ಹೋಗುತ್ತದೆ, ಅದರ ಮೇಲಿನ ಒಂದು ಸಾವಿರ ತೆರಿಗೆ ಉಳಿಯುತ್ತದೆ. ನಿವ್ವಳ ನಷ್ಟ 14 ಸಾವಿರ. 1.03 ಲಕ್ಷದ ಉಳಿತಾಯ ಪೂರ್ತಿ ಕರಗಲು ಸುಮಾರು 7.4 ಲಕ್ಷದ ಮಾರಾಟ ಹೋಗಬೇಕು. 80 ಲಕ್ಷದಲ್ಲಿ ಅದು ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ‘ನಮ್ಮಲ್ಲಿ ಕಂಪನಿ ಗಿರಾಕಿಗಳು ನಾಲ್ಕೇ ಜನ’ ಎಂಬ ಸಮಾಧಾನ ಇಲ್ಲಿ ಸಾಲದು. ಆ ನಾಲ್ವರು ಒಟ್ಟು ಎಷ್ಟು ಕೊಳ್ಳುತ್ತಾರೆ ಎಂಬುದನ್ನು ಪುಸ್ತಕ ತೆಗೆದು ಕೂಡಿ ನೋಡಬೇಕು.

ಹಾಗೆಂದು ಜಿಎಸ್‌ಟಿ ಸಂಖ್ಯೆ ಕೊಡುವ ಪ್ರತಿಯೊಬ್ಬರನ್ನೂ ಆ ಪಟ್ಟಿಗೆ ಸೇರಿಸಬೇಕಿಲ್ಲ. ತನ್ನದೇ ಕಟ್ಟಡ ಕಟ್ಟಿಸಿಕೊಳ್ಳಲು ಸಿಮೆಂಟ್, ಟೈಲ್ಸ್ ಕೊಳ್ಳುವ ಕಂಪನಿಗೆ ಕಾನೂನಿನ ಪ್ರಕಾರ ಆ ಕ್ರೆಡಿಟ್ ಸಿಗುವುದಿಲ್ಲ. ಕಾಂಪೊಸಿಷನ್‌ನಲ್ಲೇ ಇರುವ ಹೋಟೆಲಿನವರಿಗೂ ಸಿಗುವುದಿಲ್ಲ. ಯಂತ್ರಗಳ ರಿಪೇರಿಗೆ ಬೋಲ್ಟ್, ಬೇರಿಂಗ್ ಒಯ್ಯುವ ಕಾರ್ಖಾನೆಗೆ ಸಿಗುತ್ತದೆ. ಗಿರಾಕಿಯ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದರೆ ಅವನು ರೆಗ್ಯುಲರೋ ಕಾಂಪೊಸಿಷನ್ನೋ ಎಂಬುದು ಯಾರಿಗಾದರೂ ಕಾಣುತ್ತದೆ.

ರಿಟರ್ನ್ ಕೆಲಸ ಕಡಿಮೆ ಎಂಬ ಕಾರಣಕ್ಕೇ ಕಾಂಪೊಸಿಷನ್ ಹಿಡಿಯುವವರೂ ಇದ್ದಾರೆ. ಅದರಲ್ಲಿ ಸತ್ಯವಿದೆ: ಮೂರು ತಿಂಗಳಿಗೊಮ್ಮೆ CMP-08, ವರ್ಷಕ್ಕೊಮ್ಮೆ GSTR-4. ಆದರೆ 5 ಕೋಟಿಯವರೆಗಿನ ರೆಗ್ಯುಲರ್ ವ್ಯಾಪಾರಿಯೂ ಈಗ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು, ಹಣ ಮಾತ್ರ ತಿಂಗಳುತಿಂಗಳು ಕಟ್ಟಬೇಕು. ಈ ಒಂದೇ ಕಾರಣಕ್ಕೆ ದಾರಿ ಬದಲಿಸುವಷ್ಟು ಅಂತರ ಈಗ ಉಳಿದಿಲ್ಲ.

ರೆಗ್ಯುಲರ್‌ನಿಂದ ಕಾಂಪೊಸಿಷನ್‌ಗೆ ಬರುವವರು ಹೊಸ ಹಣಕಾಸು ವರ್ಷ ಶುರುವಾಗುವ ಮೊದಲೇ, ಅಂದರೆ ಮಾರ್ಚ್ 31ರೊಳಗೆ, CMP-02 ಸಲ್ಲಿಸಬೇಕು. ಅಂದು ಗೋದಾಮಿನಲ್ಲಿ ಉಳಿದ ಸರಕಿನ ಮೇಲೆ ಪಡೆದಿದ್ದ ಕ್ರೆಡಿಟ್ಟನ್ನು 60 ದಿನದೊಳಗೆ ITC-03 ಮೂಲಕ ಹಿಂದಿರುಗಿಸಬೇಕು. ತೆರಿಗೆ ಬಿಟ್ಟು 15 ಲಕ್ಷದ ಸ್ಟಾಕ್ ಇದ್ದರೆ ಅದು 2.7 ಲಕ್ಷ. ಖಾತೆಯಲ್ಲಿ ಅಷ್ಟು ಕ್ರೆಡಿಟ್ ಇಲ್ಲದಿದ್ದರೆ ನಗದಾಗಿ ಕಟ್ಟಬೇಕು. ಸರಕು ಮಾರಿದಂತೆ ಈ ಹಣ ಬೆಲೆಯೊಳಗೇ ಮರಳುತ್ತದೆ, ಏಕೆಂದರೆ ಮಾರುವಾಗ ಮತ್ತೆ ಶೇ 18 ಕಟ್ಟುವುದಿಲ್ಲ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಅಷ್ಟು ದುಡ್ಡು ಹೊಂದಿಸುವುದು ಸಣ್ಣ ಅಂಗಡಿಗೆ ಸುಲಭವಲ್ಲ. ಸ್ಟಾಕ್ ಇಳಿಸಿಕೊಂಡು ಬದಲಾಯಿಸುವುದು ಜಾಣತನ.

ಇನ್ನು ಅತ್ತಿಬೆಲೆ, ನಿಪ್ಪಾಣಿಯಂಥ ಗಡಿ ಊರುಗಳ ಅಂಗಡಿಗಳಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಕಾಂಪೊಸಿಷನ್ ವ್ಯಾಪಾರಿ ಹೊರರಾಜ್ಯದಿಂದ ತರಿಸಬಹುದು, ಆದರೆ ಹೊರರಾಜ್ಯಕ್ಕೆ ಮಾರುವಂತಿಲ್ಲ. ಹೊಸೂರಿನ ಮನೆಗೆ ಲಗೇಜ್ ಆಟೋದಲ್ಲಿ ಪೈಪ್ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. 2023ರ ಅಕ್ಟೋಬರ್‌ನಿಂದ, ನೋಂದಣಿ ಇಲ್ಲದ ಗಿರಾಕಿಯ ಹೊರರಾಜ್ಯದ ವಿಳಾಸವನ್ನು ಬಿಲ್ಲಿನಲ್ಲಿ ಬರೆದರೂ ಮಾರಾಟ ಆ ರಾಜ್ಯದ್ದೆಂದು ಪರಿಗಣಿತವಾಗಬಹುದು. ಅಂಥ ಬಿಲ್ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ಕಾಂಪೊಸಿಷನ್ ಸವಲತ್ತು ಹೋಗಿ, ಸಾಮಾನ್ಯ ದರದಲ್ಲಿ ತೆರಿಗೆಯನ್ನೂ ದಂಡವನ್ನೂ ಕೇಳುವ ನೋಟಿಸ್ ಬರುತ್ತದೆ. ಹೊಸೂರಿನ ಗಿರಾಕಿಗಳು ಕೈಯಲ್ಲಿರುವವರು ಉಳಿತಾಯದ ಲೆಕ್ಕಕ್ಕೂ ಮೊದಲು ಈ ಒಂದು ಕಾರಣಕ್ಕೇ ರೆಗ್ಯುಲರ್‌ನಲ್ಲಿ ಉಳಿಯಬೇಕಾಗುತ್ತದೆ.